ಬೆನ್ನಿನ ದಿಂಬಿನ ಜಾಹೀರಾತು: ಕ್ಯಾಪ್ಷನ್‌ಗಳು, ಎರಡನೇ ಸುತ್ತು

ಮೇಡಂ, ನಮಸ್ಕಾರ.

ಮೊದಲ ಸುತ್ತಿನಲ್ಲಿ ತಿರಸ್ಕಾರವಾದ ಎರಡು ಸಾಲುಗಳನ್ನು ತೆಗೆದುಹಾಕಿ, ಎಲ್ಲವನ್ನೂ ಹೊಸದಾಗಿ ಬರೆದಿದ್ದೇನೆ. ಪಕ್ಕದಲ್ಲಿರುವ ಅಂಕಿ ಖಾಲಿ ಜಾಗ, ಚುಕ್ಕಿ ಎಲ್ಲ ಸೇರಿದ ಲೆಕ್ಕ. ಕಣ್ಣಲ್ಲಿ ಎಣಿಸಿದರೆ ತಾಳೆಯಾಗುವುದಿಲ್ಲ. ಒತ್ತು, ಗುಣಿತದ ಗುರುತು ಎಲ್ಲವೂ ಬೇರೆ ಬೇರೆ ಲೆಕ್ಕಕ್ಕೆ ಬರುತ್ತವೆ. "ಕುರ್ಚಿಯಲ್ಲಿ" ಅನ್ನೋದು ನಮಗೆ 4 ಅಕ್ಷರ, ಯೂನಿಕೋಡ್‌ಗೆ 11. ಕಳೆದ ಸಲ ಶೀರ್ಷಿಕೆಗಳು ಉದ್ದವಾಗಿದ್ದು ಇದಕ್ಕೇ.

ಗೂಗಲ್ ಸರ್ಚ್, ಶೀರ್ಷಿಕೆಗಳು (ಮಿತಿ 30)

ಕುರ್ಚಿಗೆ ಕಟ್ಟುವ ಬೆನ್ನಿನ ದಿಂಬು (29)
ಹೊದಿಕೆ ಕಳಚಿ ಒಗೆಯಬಹುದು (21)
14 ದಿನದೊಳಗೆ ವಾಪಸ್ ಮಾಡಬಹುದು (26)
ದಿನವಿಡೀ ಕೂತು ಕೆಲಸ ಮಾಡುವವರಿಗೆ (28)

ಗೂಗಲ್ ಇವನ್ನು ತನಗೆ ಬೇಕಾದಂತೆ ಕಲಸಿ ತೋರಿಸುತ್ತದೆ. ಮಾರುತ್ತಿರುವುದು ಏನು ಅಂತ ಹೇಳುವುದು ಮೊದಲನೆಯದು ಮಾತ್ರ. ಹಾಗಾಗಿ ಅದನ್ನು ಮೊದಲ ಸ್ಥಾನಕ್ಕೆ ಪಿನ್ ಮಾಡಿಸಿ. ಇಲ್ಲದಿದ್ದರೆ "ಹೊದಿಕೆ ಕಳಚಿ ಒಗೆಯಬಹುದು" ಒಂದೇ ಮುಂದೆ ಬಂದು, ಹಾಸಿಗೆಯ ಜಾಹೀರಾತಿನ ಹಾಗೆ ಕಾಣಬಹುದು. ಶೀರ್ಷಿಕೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆಗೆ ಗೂಗಲ್ ಒಪ್ಪುವುದಿಲ್ಲ, ದಯವಿಟ್ಟು ಸೇರಿಸಬೇಡಿ.

ಗೂಗಲ್ ಸರ್ಚ್, ವಿವರಣೆ (ಮಿತಿ 90)

ಸೊಂಟದ ಹಿಂದಿನ ಖಾಲಿ ಜಾಗಕ್ಕೆ ಕೂರುವ ಮೆಮೊರಿ ಫೋಮ್ ದಿಂಬು. ಎರಡು ಪಟ್ಟಿಗಳಿಂದ ಎತ್ತರ ಹೊಂದಿಸಿ. (81)

ಹೊದಿಕೆ ಒಗೆಯಬಹುದು. 1 ವರ್ಷ ವಾರಂಟಿ. ಹಿಡಿಸದಿದ್ದರೆ 14 ದಿನದೊಳಗೆ ವಾಪಸ್ ಕಳಿಸಿ. (70)

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್, ಮುಖ್ಯ ಪಠ್ಯ (ನಾವು ಇಟ್ಟುಕೊಂಡ ಮಿತಿ 125)

ಇಲ್ಲಿ ಇದಕ್ಕಿಂತ ಉದ್ದ ಬರೆಯಬಹುದು, ಆದರೆ ಉಳಿದದ್ದು "ಇನ್ನಷ್ಟು" ಹಿಂದೆ ಅಡಗಿಬಿಡುತ್ತದೆ. ಅದನ್ನು ಒತ್ತಿ ಓದುವವರು ಎಷ್ಟು ಜನ, ಅಲ್ವಾ?

ಅ) ಮಧ್ಯಾಹ್ನದ ಮೀಟಿಂಗ್ ಹೊತ್ತಿಗೆ ಕುರ್ಚಿಯಲ್ಲಿ ಜಾರಿ ಕೂರೋದು ಎಲ್ಲರಿಗೂ ಗೊತ್ತು. ಈ ದಿಂಬು ಸೊಂಟದ ಹಿಂದಿನ ಖಾಲಿ ಜಾಗ ತುಂಬುತ್ತದೆ. ಅಷ್ಟೇ ಇದರ ಕೆಲಸ. (125)

ಆ) ಕುರ್ಚಿ ಬದಲಿಸುವ ಮುಂಚೆ ಒಂದು ದಿಂಬು ಕಟ್ಟಿ ನೋಡಿ. ಎರಡು ಪಟ್ಟಿ, ಒಗೆಯಬಹುದಾದ ಹೊದಿಕೆ. ಹಿಡಿಸದಿದ್ದರೆ 14 ದಿನದೊಳಗೆ ವಾಪಸ್ ಕಳಿಸಿ. (112)

ಇ) ಎರಡು ಪಟ್ಟಿ, ಒಂದು ದಿಂಬು. ಕಟ್ಟೋಕೆ ಸ್ಕ್ರೂ ಬೇಡ, ಟೂಲ್ ಬೇಡ. ಆಫೀಸ್ ಕುರ್ಚಿಗೂ ಆಗುತ್ತೆ, ಕಾರಿನ ಸೀಟಿಗೂ ಆಗುತ್ತೆ. (99)

ಮೂರಕ್ಕೂ ಒಂದೇ ಶೀರ್ಷಿಕೆ, ಮಿತಿ 40:
ಬೆನ್ನಿಗೊಂದು ಒರಗು, ಕುರ್ಚಿಗೊಂದು ದಿಂಬು (35)

ನನಗೆ ಇಷ್ಟವಾಗಿದ್ದು "ಅ". ಅಂಚಿನವರೆಗೂ ತುಂಬಿದೆ, ಒಂದು ಅಲ್ಪವಿರಾಮಕ್ಕೂ ಜಾಗ ಇಲ್ಲ. "ಇ" ಓಡಿಸುವ ಮುಂಚೆ ನಿಮ್ಮವರು ಕಾರಿನ ಸೀಟಿಗೆ ನಿಜವಾಗಿ ಕಟ್ಟಿ ನೋಡಲಿ. ಪಟ್ಟಿ ಸಾಲದಿದ್ದರೆ ಕೊನೆಯ ತುಂಡು ಕತ್ತರಿಸುತ್ತೇನೆ.

ನೀವು ಕೇಳಿದ್ದ, ನಾನು ಬಿಟ್ಟ ಸಾಲುಗಳು

"ನಿಮಗೆ ಬೆನ್ನು ನೋವಿದೆಯಾ?" ಕಳೆದ ಸಲ ತಿರಸ್ಕಾರವಾದ ಒಂದು ಸಾಲು ಇದೇ. ಓದುವವರ ಆರೋಗ್ಯ ನಮಗೆ ಗೊತ್ತಿರುವ ಹಾಗೆ ಮಾತಾಡುವುದನ್ನು ಮೆಟಾ ನಿಯಮ ಒಪ್ಪುವುದಿಲ್ಲ. ಪ್ರಶ್ನೆಯ ರೂಪದಲ್ಲಿ ಕೇಳಿದರೂ ಅಷ್ಟೇ. ಅದಕ್ಕೇ "ಅ"ದಲ್ಲಿ ಕುರ್ಚಿಯ ಬಗ್ಗೆ ಮಾತಾಡಿದ್ದೇನೆ, ಬೆನ್ನಿನ ಬಗ್ಗೆ ಅಲ್ಲ.

"7 ದಿನದಲ್ಲಿ ನೋವು ಮಾಯ." ಎರಡನೆಯ ತಿರಸ್ಕಾರ. ನೋವು ಕಡಿಮೆಯಾಗುತ್ತದೆ ಅನ್ನುವುದಕ್ಕೆ ನಮ್ಮ ಹತ್ತಿರ ಪುರಾವೆ ಇಲ್ಲ. "ಮಾಯ" ತೆಗೆದು "ಕಡಿಮೆ" ಹಾಕೋಣ ಅಂದಿರಿ. ಪುರಾವೆ ಇಲ್ಲದಿದ್ದರೆ ಅದೂ ಅದೇ ಮಾತು. ಬಳಸುವ ಮೊದಲು, ಬಳಸಿದ ಮೇಲೆ ಅನ್ನೋ ಜೋಡಿ ಫೋಟೊ ಕೂಡ ಈ ಕಾರಣಕ್ಕೇ ಬೇಡ.

"ನಂಬರ್ ಒನ್ ದಿಂಬು." ಯಾರು ಅಳೆದರು ಅಂತ ಕೇಳಿದರೆ ನಮ್ಮಲ್ಲಿ ಉತ್ತರ ಇಲ್ಲ.

"ವೈದ್ಯರು ಶಿಫಾರಸು ಮಾಡಿದ್ದು." ಒಬ್ಬ ವೈದ್ಯರಾದರೂ ಬರೆದುಕೊಟ್ಟಿದ್ದರೆ ಪತ್ರ ಕಳಿಸಿ, ನೋಡೋಣ. ಸುಮ್ನೆ ಹಾಕಲು ಆಗುವುದಿಲ್ಲ.

"ಇಂದೇ ಕೊನೆ ದಿನ." ನಾಳೆಯೂ ಅದೇ ಬೆಲೆ ಇರುತ್ತದೆ ಅಂತ ನೀವೇ ಹೇಳಿದ್ದಿರಿ.

ಓಡಿಸುವ ಕ್ರಮ: ಅ, ಆ, ಇ ಮೂರನ್ನೂ ಒಂದೇ ಚಿತ್ರದ ಜೊತೆ ಬಿಡಿ. ಚಿತ್ರವೂ ಬೇರೆಯಾದರೆ ಗೆದ್ದಿದ್ದು ಮಾತೋ ಚಿತ್ರವೋ ಗೊತ್ತಾಗುವುದಿಲ್ಲ. ಮೊದಲ ದಿನದ ಕ್ಲಿಕ್ ನೋಡಿ ಯಾವುದನ್ನೂ ನಿಲ್ಲಿಸಬೇಡಿ.

ಒಂದು ವಿಷಯ ಮಾತ್ರ ನೀವು ಹೇಳಬೇಕು. ನಿಮ್ಮ ಪೇಜಿನಲ್ಲಿ ವಾಪಸ್ ಮಾಡುವ ಅವಧಿ ಮೇಲೆ 14 ದಿನ ಅಂತಿದೆ, ಕೆಳಗೆ ಪ್ರಶ್ನೋತ್ತರದಲ್ಲಿ 10 ದಿನ ಅಂತಿದೆ. ಜಾಹೀರಾತು ಒಂದು ಹೇಳಿ ಪೇಜು ಇನ್ನೊಂದು ಹೇಳಿದರೆ ಮತ್ತೆ ತೊಂದರೆ. ಯಾವುದು ಸರಿ ಅಂತ ತಿಳಿಸಿ. 10 ಆದರೆ ಮೂರು ಕಡೆ ಬದಲಿಸುತ್ತೇನೆ. ಎರಡೂ ಎರಡಂಕಿ, ಲೆಕ್ಕ ಕೆಡುವುದಿಲ್ಲ.