ಇಪ್ಪತ್ತು ಎಪ್ಪತ್ತಾದಾಗ: ತಾಳೆ ಅಂಕಿಯ ಮೂಲಕ ಶೇಷದ ಗಣಿತ

ಮೇಡಂ, ನೀವು ಕಳಿಸಿದ ಎರಡು ಫೋಟೋ ಮತ್ತು ನೋಟ್‌ಬುಕ್ಕಿನ ನಾಲ್ಕು ಪುಟ ಇಟ್ಟುಕೊಂಡು ನೀವು ಮಂಡಿಸಲಿರುವ ಪ್ರಬಂಧದ ಸಾರಾಂಶದ ಕರಡು ಮಾಡಿದ್ದೇನೆ. ಆಹ್ವಾನ ಪತ್ರದ ಫೋಟೋದಲ್ಲಿ ಮಡಿಕೆ ಬಿದ್ದ ಕಡೆ ಪದಮಿತಿ ಇದೆ, ಅದನ್ನು 1000 ಅಂತ ಓದಿಕೊಂಡೆ. ಆಹ್ವಾನ ಕೊಟ್ಟವರು ಕೇಳಿರುವುದು ಇಷ್ಟು: ವಿಷಯ "ಶಾಲಾ ಗಣಿತದಲ್ಲಿ ತಪ್ಪಿನ ಪಾತ್ರ", ಪ್ರಶ್ನೆ ಏನು, ಏನು ಮಾಡಿದಿರಿ, ಏನು ಕಂಡಿತು, ಇತಿಮಿತಿ ಏನು, ಇಪ್ಪತ್ತು ನಿಮಿಷದಲ್ಲಿ ಹೇಗೆ ಮಂಡಿಸುತ್ತೀರಿ. ಒಳಗೆ ಎಲ್ಲೂ ಹೆಸರು, ಶಾಲೆ ಬರಬಾರದು. ಭಾಷೆ ಶಿಕ್ಷಕರು ಒಂದೇ ಓದಿಗೆ ಹಿಡಿಯುವಂತಿರಬೇಕು. ಹಾಗಾಗಿ ನಿಮ್ಮ ಮಾತಿನ ಧಾಟಿಯನ್ನೇ ಉಳಿಸಿಕೊಂಡಿದ್ದೇನೆ.

ಸಾರಾಂಶ

ಫೋನಿನಲ್ಲಿ ಒಬ್ಬರು "ಎಪ್ಪತ್ತು" ಅಂತಾರೆ, ಇನ್ನೊಬ್ಬರು 20 ಅಂತ ಬರೆದುಕೊಳ್ಳುತ್ತಾರೆ. ಕನ್ನಡದಲ್ಲಿ ಸಂಖ್ಯೆ ಹೇಳಿ ಬರೆಸುವ ಯಾರಿಗಾದರೂ ಇದು ಗೊತ್ತು. ಇಂಥ ತಪ್ಪನ್ನು ಸಂಖ್ಯೆಯೇ ತನ್ನಷ್ಟಕ್ಕೆ ಹಿಡಿದುಕೊಡುವ ಹಾಗೆ ಮಾಡಬಹುದಾ? ಪುಸ್ತಕದ ಐಎಸ್‌ಬಿಎನ್‌ನಲ್ಲಿ, ಬ್ಯಾಂಕ್ ಕಾರ್ಡಿನ ಸಂಖ್ಯೆಯಲ್ಲಿ ಕೊನೆಗೆ ಸೇರಿಸುವ ಒಂದು ಅಂಕಿ ಇದೇ ಕೆಲಸಕ್ಕೆ ಇರುವುದು. ಚೆಕ್ ಡಿಜಿಟ್ ಎನ್ನುವ ಇದನ್ನು ಈ ಪ್ರಬಂಧದಲ್ಲಿ ತಾಳೆ ಅಂಕಿ ಎಂದು ಕರೆದಿದ್ದೇನೆ.

ಪಾಠದಲ್ಲಿ ಇದು ಬಂದಾಗಲೂ ನಾವು ಸೂತ್ರವನ್ನೇ ಮೊದಲು ಕೊಟ್ಟುಬಿಡುತ್ತೇವೆ. ಒಂದರಿಂದ ಗುಣಿಸಿ, ಮೂರರಿಂದ ಗುಣಿಸಿ, ಕೂಡಿಸಿ, ಹತ್ತರಿಂದ ಭಾಗಿಸಿ. ಮಕ್ಕಳು ಮಾಡುತ್ತಾರೆ, ಉತ್ತರವೂ ಬರುತ್ತದೆ. ಮೂರೇ ಯಾಕೆ, ಎರಡು ಯಾಕೆ ಬೇಡ ಅಂತ ಯಾರೂ ಕೇಳುವುದಿಲ್ಲ, ಕೇಳಲು ಅವರಿಗೆ ಕಾರಣವೇ ಇಲ್ಲ. ನನ್ನ ಪ್ರಶ್ನೆ ಇದು: ಸೂತ್ರ ಕೊಡದೆ, ತಪ್ಪನ್ನೇ ಮೊದಲು ಕೊಟ್ಟು, ಅದನ್ನು ಹಿಡಿಯುವ ಅಂಕಿಯನ್ನು ಮಕ್ಕಳೇ ಕಟ್ಟುವ ಹಾಗೆ ಮಾಡಿದರೆ, ಶೇಷದ ಗಣಿತ ಎಲ್ಲಿಯವರೆಗೆ ತಾನಾಗಿ ಬರುತ್ತದೆ?

ಒಂಬತ್ತನೇ ತರಗತಿಯಲ್ಲಿ ನಾಲ್ಕು ಪೀರಿಯಡ್ ಇದಕ್ಕೆ ಕೊಟ್ಟೆ. ಮೊದಲ ದಿನ ಗಣಿತವೇ ಇಲ್ಲ. ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಒಬ್ಬರು ಆರು ಅಂಕಿಯ ಸಂಖ್ಯೆಯನ್ನು ಎರಡೆರಡು ಅಂಕಿ ಸೇರಿಸಿ ಬೇಗ ಬೇಗ ಓದಬೇಕು, ಇನ್ನೊಬ್ಬರು ಬರೆಯಬೇಕು. ಆಮೇಲೆ ಇಬ್ಬರೂ ಹೋಲಿಸಿ, ಆದ ತಪ್ಪುಗಳನ್ನು ಬೋರ್ಡಿನ ಮೇಲೆ ಬಗೆಬಗೆಯಾಗಿ ಬರೆದರು. ಎರಡು ಬಗೆ ಎದ್ದು ಕಂಡವು: ಒಂದು ಅಂಕಿ ಬೇರೆಯಾಗುವುದು, ಪಕ್ಕದ ಎರಡು ಅಂಕಿ ಅದಲು ಬದಲಾಗುವುದು. ಡಚ್ ಗಣಿತಜ್ಞ ಜೇಕೋಬಸ್ ವರ್ಹೂಫ್ 1969ರಲ್ಲಿ ಈ ವಿಷಯದ ಬಗ್ಗೆ ಬರೆದಾಗಲೂ, ಜನ ಮಾಡುವ ತಪ್ಪುಗಳಲ್ಲಿ ಮೊದಲ ಸ್ಥಾನ ಒಂಟಿ ಅಂಕಿಯ ತಪ್ಪಿಗೆ, ನಂತರದ್ದು ಪಕ್ಕದ ಅಂಕಿಗಳ ಅದಲು ಬದಲಿಗೆ.

ಎರಡನೇ ದಿನ ಒಂದೇ ಕೆಲಸ: ಈ ತಪ್ಪು ಹಿಡಿಯುವ ಏಳನೇ ಅಂಕಿಯೊಂದನ್ನು ಕೊನೆಗೆ ಸೇರಿಸಿ. ಎಲ್ಲ ಗುಂಪೂ ಮೊದಲು ಮಾಡಿದ್ದು ಒಂದೇ, ಅಂಕಿಗಳನ್ನು ಕೂಡಿಸಿ ಮೊತ್ತದ ಕೊನೆಯ ಅಂಕಿ ಹಾಕಿದರು. ಒಂಟಿ ಅಂಕಿಯ ತಪ್ಪು ಯಾವುದೇ ಇರಲಿ, ಇದು ಹಿಡಿಯುತ್ತದೆ. ಆ ಆರು ಅಂಕಿಗಳೊಳಗಿನ ಅದಲು ಬದಲು ಮಾತ್ರ ಒಂದೂ ಸಿಗುವುದಿಲ್ಲ, ಹೇಗೆ ತಿರುಗಿಸಿದರೂ ಮೊತ್ತ ಅದೇ ಅಲ್ವಾ. ಆಗ ಒಂದು ಗುಂಪು ಬಿಡಿ, ಹತ್ತು, ನೂರು ಅಂತ ಬಲದಿಂದ ಸ್ಥಾನ ಎಣಿಸಿ, ಬಿಡಿಯನ್ನು 1ರಿಂದ, ಹತ್ತರ ಸ್ಥಾನವನ್ನು 2ರಿಂದ, ನೂರರದ್ದನ್ನು 3ರಿಂದ ಗುಣಿಸಿತು. ಆ ಆರರೊಳಗಿನ ಪಕ್ಕದ ಅದಲು ಬದಲು ಎಲ್ಲವೂ ಸಿಕ್ಕಿಬಿದ್ದವು. ತರಗತಿ ಗೆದ್ದೆವು ಅಂತ ಕೂಗಿತು.

ಹಿಂದಿನ ಬೆಂಚಿನ ಒಬ್ಬ ಹುಡುಗಿ ಮೊದಲ ದಿನ ತಾನೇ ಮಾಡಿದ್ದ ತಪ್ಪನ್ನು ತಂದು ಪರೀಕ್ಷೆ ಮಾಡಿದಳು. ಸಂಖ್ಯೆ 31 70 46, ಅವಳು ಬರೆದಿದ್ದು 31 20 46. ಲೆಕ್ಕ ಹೀಗಿದೆ:

```
31 20 46:  6×1 + 4×2 + 0×3 + 2×4 + 1×5 + 3×6 = 45
31 70 46:  6×1 + 4×2 + 0×3 + 7×4 + 1×5 + 3×6 = 65
```

ಎರಡಕ್ಕೂ ತಾಳೆ ಅಂಕಿ 5. ಅಂದರೆ ತಪ್ಪು ಸಂಖ್ಯೆ ಸರಿ ಸಂಖ್ಯೆಯ ಹಾಗೇ ದಾಟಿಹೋಯಿತು. ಅವಳು ಅದನ್ನು ಮೂರು ಸಲ ಕೂಡಿಸಿ ನೋಡಿದಳು, ಆಮೇಲೆ ಏನೂ ಹೇಳದೆ ಬೋರ್ಡಿಗೆ ಬಂದು ಬರೆದಳು. ಈ ಪ್ರಬಂಧ ಹುಟ್ಟಿದ್ದು ಆ ಎರಡು ಸಾಲುಗಳಿಂದ.

ಯಾಕೆ ಹೀಗಾಯಿತು ಎನ್ನುವುದರಲ್ಲಿ ಗಣಿತ ಪೂರ್ತಿ ಇದೆ. 2ಕ್ಕೂ 7ಕ್ಕೂ ಅಂತರ 5. ಐದನ್ನು ಯಾವ ಸಮ ಸಂಖ್ಯೆಯಿಂದ ಗುಣಿಸಿದರೂ ಹತ್ತರ ಅಪವರ್ತ್ಯ ಬರುತ್ತದೆ, ಕೊನೆಯ ಅಂಕಿ ಅಲುಗಾಡುವುದಿಲ್ಲ. ಎರಡೆರಡಾಗಿ ಓದುವಾಗ ಇಪ್ಪತ್ತು, ಎಪ್ಪತ್ತಿನ 2, 7 ಕೂರುವುದು ಬಲದಿಂದ ಎರಡನೇ, ನಾಲ್ಕನೇ, ಆರನೇ ಸ್ಥಾನದಲ್ಲಿ. ಆ ಗುಂಪಿನ ಕ್ರಮದಲ್ಲಿ ಈ ಸ್ಥಾನಗಳ ಗುಣಕ ಯಾವಾಗಲೂ ಸಮ. ಕನ್ನಡದ ಕಿವಿ ಸುಲಭವಾಗಿ ಮಾಡುವ ತಪ್ಪೇ ಆ ಕ್ರಮಕ್ಕೆ ಕಾಣದ ತಪ್ಪು.

ಮೂರನೇ ದಿನ ಮಕ್ಕಳು ಗುಣಕಗಳನ್ನು ಒಂದೊಂದಾಗಿ ಹೊಡೆದುಹಾಕಿದರು. ಸಮ ಸಂಖ್ಯೆ ಬೇಡ. 5 ಬೇಡ, ಯಾಕೆಂದರೆ ಅದು ಅಂತರ ಸಮವಾಗಿರುವ ತಪ್ಪುಗಳನ್ನು ಬಿಡುತ್ತದೆ. ಉಳಿದಿದ್ದು 1, 3, 7, 9. ಈ ನಾಲ್ಕರಲ್ಲಿ ಯಾವುದನ್ನು ಎಲ್ಲಿ ಹಾಕಿದರೂ ಒಂಟಿ ಅಂಕಿಯ ತಪ್ಪು ಸಿಗುತ್ತದೆ. ಆದರೆ ನಾಲ್ಕೂ ಬೆಸ, ಯಾವ ಎರಡರ ವ್ಯತ್ಯಾಸ ತೆಗೆದರೂ ಸಮ. ಪಕ್ಕದ ಅಂಕಿಗಳು ಅದಲು ಬದಲಾದಾಗ ಮೊತ್ತದಲ್ಲಿ ಆಗುವ ಬದಲಾವಣೆ ಎಂದರೆ ಅಂಕಿಗಳ ಅಂತರ ಗುಣಿಸು ಗುಣಕಗಳ ಅಂತರ. ಅಂಕಿಗಳ ಅಂತರ 5 ಆಗಿದ್ದರೆ ಮತ್ತೆ ಹತ್ತರ ಅಪವರ್ತ್ಯ, ಮತ್ತೆ ತಪ್ಪು ದಾಟಿಹೋಗುತ್ತದೆ. ಹೀಗೆ ತರಗತಿ ತಾನೇ ಬಂದು ನಿಂತ ಜಾಗ ಇದು: ಗುಣಿಸಿ, ಕೂಡಿಸಿ, ಹತ್ತರಿಂದ ಭಾಗಿಸುವ ಯಾವ ಕ್ರಮವೂ ಎಲ್ಲ ಒಂಟಿ ತಪ್ಪುಗಳನ್ನೂ ಎಲ್ಲ ಪಕ್ಕದ ಅದಲು ಬದಲುಗಳನ್ನೂ ಒಟ್ಟಿಗೆ ಹಿಡಿಯಲಾರದು. ಇದು ಗಣಿತಜ್ಞರಿಗೆ ಹಳೆಯ ವಿಷಯ. ಒಂಬತ್ತನೇ ತರಗತಿ ಇದನ್ನು ಸಾಧನೆ ಸಮೇತ ಹೇಳಬಲ್ಲದು ಎನ್ನುವುದು ನನಗೆ ಹೊಸದು.

ನಾಲ್ಕನೇ ದಿನ ನಿಜವಾದ ಸಂಖ್ಯೆಗಳ ಮೇಲೆ ನೋಡಿದೆವು. 13 ಅಂಕಿಯ ಐಎಸ್‌ಬಿಎನ್ 1, 3 ಗುಣಕ ಮತ್ತು ಹತ್ತರ ಶೇಷ ಬಳಸುತ್ತದೆ, ತಾಳೆ ಅಂಕಿಯೂ ಸೇರಿದ ಮೊತ್ತ ಹತ್ತರಿಂದ ಶೇಷವಿಲ್ಲದೆ ಭಾಗವಾದರೆ ಸಂಖ್ಯೆ ಸರಿ. ನಾನು ಕಟ್ಟಿಕೊಟ್ಟ ಉದಾಹರಣೆ 9782714035684, ಮೊತ್ತ 110. ಅದರ 2 ಮತ್ತು 7 ತಿರುಗಿಸಿ 9787214035684 ಮಾಡಿದರೆ ಮೊತ್ತ 120, ಯಾವ ಎಚ್ಚರಿಕೆಯೂ ಇಲ್ಲ. 1 ಮತ್ತು 4 ತಿರುಗಿಸಿದರೆ 116, ತಕ್ಷಣ ಸಿಕ್ಕಿಬೀಳುತ್ತದೆ. ಬೇರೆ ಬೇರೆ ಅಂಕಿಗಳ 90 ಜೋಡಿಗಳಲ್ಲಿ ಹೀಗೆ ದಾಟಿಹೋಗುವವು 10. 2007ಕ್ಕೆ ಮುಂಚಿನ 10 ಅಂಕಿಯ ಐಎಸ್‌ಬಿಎನ್ 11ರಿಂದ ಭಾಗಿಸುತ್ತಿತ್ತು, 11 ಅವಿಭಾಜ್ಯ, ಅದು ಎರಡೂ ಬಗೆಯ ತಪ್ಪನ್ನು ಪೂರ್ತಿ ಹಿಡಿಯುತ್ತಿತ್ತು. ಅದಕ್ಕೆ ತೆರಬೇಕಾದ ಬೆಲೆಯೂ ನಮ್ಮ ಉದಾಹರಣೆಯಲ್ಲೇ ಸಿಕ್ಕಿತು: 271403568 ಎನ್ನುವ ಒಂಬತ್ತು ಅಂಕಿಗೆ ಬರಬೇಕಾದ ತಾಳೆ ಅಂಕಿ ಹತ್ತು, ಅದನ್ನು ಒಂದೇ ಅಂಕಿಯಲ್ಲಿ ಬರೆಯಲಾಗದೆ X ಬರೆಯುತ್ತಾರೆ. ಐಎಸ್‌ಬಿಎನ್ ಮೂರು ಅಂಕಿ ಉದ್ದವಾಯಿತು, ಅದಲು ಬದಲು ಹಿಡಿಯುವ ಶಕ್ತಿ ಮಾತ್ರ ಕಡಿಮೆಯಾಯಿತು. ಉದ್ದ ಜಾಸ್ತಿ ಆದರೆ ಭದ್ರತೆಯೂ ಜಾಸ್ತಿ ಅಂದುಕೊಂಡಿದ್ದ ಮಕ್ಕಳಿಗೆ ಇದು ನಂಬಲು ಕಷ್ಟವಾಯಿತು, ಎರಡೂ ಲೆಕ್ಕ ಮತ್ತೆ ಮಾಡಿಸಿದರು.

ಬ್ಯಾಂಕ್ ಕಾರ್ಡಿನ ಲೂನ್ ಕ್ರಮ ಬರೀ ಗುಣಕದಿಂದ ನಡೆಯುವುದಿಲ್ಲ. ಒಂದು ಬಿಟ್ಟು ಒಂದು ಅಂಕಿಯನ್ನು ದುಪ್ಪಟ್ಟು ಮಾಡಿ, 9 ದಾಟಿದರೆ 9 ಕಳೆಯುತ್ತದೆ. ಹಾಗಾಗಿ ಅದಲು ಬದಲಿನಲ್ಲಿ 09 ಮತ್ತು 90 ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ವರ್ಹೂಫ್ ಕ್ರಮ ಮತ್ತು 2004ರ ಡ್ಯಾಮ್ ಕ್ರಮ X ಇಲ್ಲದೆಯೇ ಎರಡನ್ನೂ ಪೂರ್ತಿ ಹಿಡಿಯುತ್ತವೆ. ಅವುಗಳನ್ನು ಹೆಸರಿಸಿ ಬಿಟ್ಟೆ, ಶಾಲೆಯ ಗಣಿತಕ್ಕೆ ಅದು ಮುಂದಿನ ಮೆಟ್ಟಿಲು.

ಇತಿಮಿತಿ ನೇರವಾಗಿ ಹೇಳಬೇಕು. ಇದು ಒಂದೇ ತರಗತಿಯ, ಒಬ್ಬರೇ ಶಿಕ್ಷಕರ ಅನುಭವ. ಸೂತ್ರ ಮೊದಲು ಕೊಟ್ಟ ಇನ್ನೊಂದು ತರಗತಿಯ ಜೊತೆ ಹೋಲಿಸಿಲ್ಲ, ಹಾಗಾಗಿ ಈ ದಾರಿಯಲ್ಲಿ ಹೆಚ್ಚು ಕಲಿತರು ಅಂತ ಹೇಳುವುದಿಲ್ಲ. ಯಾವ ತಪ್ಪಿನಿಂದ ಯಾವ ಪ್ರಶ್ನೆ ಹುಟ್ಟಿತು, ಆ ಪ್ರಶ್ನೆ ಎಲ್ಲಿಗೆ ಕರೆದೊಯ್ಯಿತು ಎನ್ನುವುದನ್ನು ಮಾತ್ರ ತೋರಿಸುತ್ತೇನೆ. ಗುಣಿಸುವುದು ನಿಧಾನವಾಗಿದ್ದ ಮಕ್ಕಳು ಮೂರನೇ ದಿನ ಹಿಂದೆ ಬಿದ್ದರು, ಅವರಿಗೆ ಗುಣಿಸಿದ ಕೊನೆಯ ಅಂಕಿಗಳ ಪಟ್ಟಿ ಮೊದಲೇ ಕೊಡಬೇಕಿತ್ತು.

ಮಂಡನೆಯಲ್ಲಿ ಮೊದಲ ಐದು ನಿಮಿಷ ಸಭಿಕರೇ ಬೆನ್ನಿಗೆ ಬೆನ್ನು ಕೊಟ್ಟು ಸಂಖ್ಯೆ ಓದಿ ಬರೆಯುತ್ತಾರೆ. ಅಲ್ಲಿ ಆದ ತಪ್ಪುಗಳನ್ನೇ ಬೋರ್ಡಿಗೆ ತಂದು, ಬಲದಿಂದ ಗುಣಿಸುವ ಕ್ರಮ ಎಲ್ಲಿ ಸೋಲುತ್ತದೆ ಎನ್ನುವುದರಿಂದ ಹಿಡಿದು 11ರವರೆಗೆ ಹೋಗುತ್ತೇನೆ. ಬೇಕಾಗಿರುವುದು ಬೋರ್ಡು ಮತ್ತು ಬಿಳಿ ಹಾಳೆ ಅಷ್ಟೇ.

ಮುಖ್ಯ ಪದಗಳು: ತಾಳೆ ಅಂಕಿ, ಶೇಷ, ಗುಣಕ, ಅದಲು ಬದಲು, ತಪ್ಪಿನಿಂದ ಕಲಿಕೆ

ಮೇಡಂ, ಇನ್ನು ನಿಮ್ಮ ಕಡೆಯಿಂದ ಆಗಬೇಕಾದ್ದು. ನೋಟ್ಸಿನಲ್ಲಿ "ಮುಕ್ಕಾಲು ಮಕ್ಕಳಿಗೆ ಅರ್ಥ ಆಯ್ತು" ಅಂತ ಇತ್ತು. ಎಣಿಸಿದ್ದರ ಗುರುತು ಎಲ್ಲೂ ಕಾಣಲಿಲ್ಲ, ಹಾಗಾಗಿ ಬಿಟ್ಟಿದ್ದೇನೆ. ಎಣಿಸಿದ್ದರೆ ಹೇಳಿ, ಸೇರಿಸೋಣ. ಆ ಹುಡುಗಿಯ ಹೆಸರು ತೆಗೆದಿದ್ದೇನೆ, ಅವಳ ಲೆಕ್ಕ ಹಾಗೇ ಇದೆ. ನೋಟ್ಸಿನಲ್ಲಿ 65ರ ಬದಲು 56 ಅಂತ ಇತ್ತು, ಮತ್ತೆ ಕೂಡಿಸಿ ತಿದ್ದಿದೆ. ಗುಣಿಸುವುದು ನಿಧಾನವಾಗಿದ್ದ ಮಕ್ಕಳ ಮಾತನ್ನು ನೀವು ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದು ಅಡ್ಡಗೆರೆ ಎಳೆದಿದ್ದಿರಿ. ನನಗೆ ಅದು ಇರಬೇಕು ಅನ್ನಿಸಿತು, ದಯವಿಟ್ಟು ತೆಗೆಯಬೇಡಿ. ಕೊನೆಯ ದಿನಾಂಕದ ಮೇಲೆ ಬೆಳಕು ಬಿದ್ದು ಫೋಟೋದಲ್ಲಿ ಪೂರ್ತಿ ಬಿಳಿ ಆಗಿದೆ. ನಾಳೆ ನೋಟಿಸ್ ಬೋರ್ಡ್ ಹತ್ತಿರ ಹೋದಾಗ ಆ ಭಾಗ, ಪದಮಿತಿಯ ಸಾಲು ಎರಡನ್ನೂ ಇನ್ನೊಂದು ಸಲ ಹತ್ತಿರದಿಂದ ತೆಗೆದು ಕಳಿಸಿ.