ಮುಂಗಡ ನಿರ್ದೇಶನ: ಗಿರಿಜಾ ಬಸವರಾಜ, ದಾವಣಗೆರೆ

(ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಸೆಕ್ಷನ್ 5ರ ಪ್ರಕಾರ, ನಮೂನೆ ಸಿಆರ್-ಎ ಜೊತೆ ಲಗತ್ತಿಸಲು ಬರೆದದ್ದು)

ನಾನು ಗಿರಿಜಾ, ವಯಸ್ಸು 41, ಬಸವರಾಜ ಅವರ ಪತ್ನಿ, ವಾಸ ದಾವಣಗೆರೆಯ ವಿದ್ಯಾನಗರ. ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ನನಗೆ ಸ್ಕಿಜೋಫ್ರೀನಿಯಾ ಇದೆ. 2009ರಲ್ಲಿ ಮೊದಲ ಸಲ ಬಂತು, ಆಮೇಲೆ 2014, 2018 ಮತ್ತು 2023ರಲ್ಲಿ ಮರುಕಳಿಸಿತು. ಮಧ್ಯದ ವರ್ಷಗಳಲ್ಲಿ ಪಾಠ ಮಾಡಿದ್ದೇನೆ, ಎಸ್ಸೆಸ್ಸೆಲ್ಸಿ ಪತ್ರಿಕೆ ತಿದ್ದಿದ್ದೇನೆ, ಮಗಳನ್ನು ಬೆಳೆಸಿದ್ದೇನೆ. ಈಗ ಆರೋಗ್ಯವಾಗಿದ್ದೇನೆ. ನಿರ್ಧರಿಸುವ ಶಕ್ತಿ ನನಗಿಲ್ಲದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ತಿಳಿಸುವ ಈ ನಿರ್ದೇಶನವನ್ನು ನಾನೇ ಹೇಳಿ, ನನ್ನ ಡಾಕ್ಟರ ಜೊತೆ ಕೂತು ಬರೆಸಿದ್ದೇನೆ. ಯಾರ ಒತ್ತಾಯವೂ ಇಲ್ಲ.

ಓದುವ ಡಾಕ್ಟರಿಗೆ ಮೊದಲು ಒಂದು ಮಾತು. ಕಾಯಿಲೆ ಜೋರಾದಾಗ ನಾನು ಎಲ್ಲದಕ್ಕೂ "ಬೇಡ" ಅನ್ನುತ್ತೇನೆ. ಊಟ ಬೇಡ, ಮಾತ್ರೆ ಬೇಡ, ಆಸ್ಪತ್ರೆ ಬೇಡ. ಅವು ಕಾಯಿಲೆಯ ಮಾತುಗಳು, ಅವುಗಳಿಗೆ ಮಣಿಯಬೇಡಿ. ಈ ಹಾಳೆಯಲ್ಲಿ ಬರೆದ "ಬೇಡ"ಗಳು ನನ್ನವು. ನಾನು ಕೂಗಾಡುತ್ತಿದ್ದರೂ, ಸುಮ್ಮನೆ ಗೋಡೆ ನೋಡುತ್ತ ಕೂತಿದ್ದರೂ ಅವನ್ನು ನಡೆಸಿಕೊಡಿ.

ಕಾಯಿಲೆ ಶುರುವಾಗುತ್ತಿದೆ ಎಂದು ತಿಳಿಯುವುದು ಹೇಗೆ

ನಿದ್ದೆ ಮೊದಲು ಹೋಗುತ್ತದೆ. ರಾತ್ರಿ ಎರಡು-ಮೂರು ಗಂಟೆಗೆ ಎದ್ದು ಅಡುಗೆಮನೆ ಒರೆಸತೊಡಗುತ್ತೇನೆ. ಆಮೇಲೆ ಸಂಪಿನ ಮೋಟಾರಿನ ಸದ್ದಿನೊಳಗೆ ಯಾರೋ ನನ್ನ ಹೆಸರು ಹಿಡಿದು ಮಾತಾಡಿದ ಹಾಗೆ ಕೇಳುತ್ತದೆ. ಅದಕ್ಕೆ ಮೋಟಾರು ಹಾಕಗೊಡುವುದಿಲ್ಲ, ಟ್ಯಾಂಕು ಖಾಲಿಯಾದರೂ ಬಿಡುವುದಿಲ್ಲ. ಫೋನಿನ ಸಿಮ್ ತೆಗೆದು ಸಕ್ಕರೆ ಡಬ್ಬಿಯಲ್ಲಿ ಇಡುತ್ತೇನೆ. ಕೊನೆಗೆ ನಮ್ಮ ಮನೆಯವರು ಬಡಿಸಿದ ಅನ್ನ ಮುಟ್ಟುವುದಿಲ್ಲ, ಅದರಲ್ಲಿ ಏನೋ ಬೆರೆಸಿದ್ದಾರೆ ಎನಿಸುತ್ತದೆ. ಅಷ್ಟರ ಹೊತ್ತಿಗೆ ತಡವಾಗಿರುತ್ತದೆ.

ಮೋಟಾರಿನ ಹಂತದಲ್ಲಿ ನನಗೆ ಇನ್ನೂ ಬುದ್ಧಿ ಇರುತ್ತದೆ. ಆಗ ಈ ನಿರ್ದೇಶನ ಜಾರಿಗೆ ಬರುವುದಿಲ್ಲ, ನನ್ನನ್ನೇ ಕೇಳಬೇಕು. ಅಕ್ಕ ಬಂದು "ಗಿರಿಜಾ, ಮೋಟಾರು ಯಾಕೆ ಹಾಕಿಲ್ಲ?" ಎಂದು ಕೇಳಿದರೆ ಸಾಕು, ನಾನು ಅವಳ ಜೊತೆ ಹೊರಡುತ್ತೇನೆ. ಬೇರೆ ಯಾರಾದರೂ "ನಿನಗೆ ಮತ್ತೆ ಶುರುವಾಯ್ತು" ಅಂದರೆ ನಾನು ಬಾಗಿಲು ಹಾಕಿಕೊಳ್ಳುತ್ತೇನೆ. ಆ ವಾಕ್ಯವನ್ನು ಯಾರೂ ಆಡದಿರಲಿ.

ನನಗೆ ಬೇಕಾದ ಆರೈಕೆ

ನಿರ್ಧರಿಸುವ ಶಕ್ತಿ ನನಗಿಲ್ಲ ಎಂದು ಡಾಕ್ಟರು ಕಂಡುಕೊಂಡರೆ, ನಾನು ಬೇಡ ಎಂದರೂ ನನ್ನನ್ನು ದಾಖಲಿಸಿಕೊಳ್ಳಿ. ಮೊದಲು ದಾವಣಗೆರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ. ಅಲ್ಲಿ ಬೆಡ್ ಇಲ್ಲದಿದ್ದರೆ ಧಾರವಾಡದ ಡಿಮ್ಹಾನ್ಸ್, ಅದೂ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್. 2014ರಲ್ಲಿ ನನ್ನನ್ನು ಇಟ್ಟಿದ್ದ ಖಾಸಗಿ ಜಾಗಕ್ಕೆ ಮತ್ತೆ ಒಯ್ಯಬಾರದು. ಅದರ ಹೆಸರು ಅಕ್ಕನಿಗೆ ಗೊತ್ತು.

ಔಷಧಿ: ನನಗೆ ಹೊಂದಿದ್ದು ರಿಸ್ಪೆರಿಡೋನ್. ಈಗ ರಾತ್ರಿ 4 ಮಿ.ಗ್ರಾಂ, ಜೊತೆಗೆ ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ. 6 ಮಿ.ಗ್ರಾಂಗೆ ಏರಿಸಿದಾಗ ಮುಟ್ಟು ನಿಂತಿತ್ತು, ಎದೆಯಲ್ಲಿ ಹಾಲು ಬಂದಿತ್ತು. ಆದ್ದರಿಂದ ಏರಿಸುವುದಾದರೆ ಅಕ್ಕನಿಗೆ ಹೇಳಿ ಏರಿಸಿ, ಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡಿಸಿ. ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟುಕೊಂಡು ಆಮೇಲೆ ಉಗುಳಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಆದ್ದರಿಂದ ನೀರಲ್ಲಿ ಕರಗುವ ಮಾತ್ರೆ ಕೊಡಿ. ಆದರೆ ಅನ್ನದಲ್ಲೋ ಚಹಾದಲ್ಲೋ ಕದ್ದು ಬೆರೆಸಿ ಕೊಡಬೇಡಿ. ಊಟದಲ್ಲಿ ಏನೋ ಬೆರೆಸುತ್ತಾರೆ ಎಂಬುದೇ ನನ್ನ ಕಾಯಿಲೆಯ ಭಯ. ಅದನ್ನು ನಿಜ ಮಾಡಿ ತೋರಿಸಿದರೆ ಆಮೇಲೆ ನಾನು ಯಾರನ್ನು ನಂಬಲಿ?

ಮಾತ್ರೆ ನಡೆಯದಿದ್ದರೆ ತಿಂಗಳಿಗೊಮ್ಮೆಯ ಪಾಲಿಪೆರಿಡೋನ್ ಇಂಜೆಕ್ಷನ್‌ಗೆ ನನ್ನ ಒಪ್ಪಿಗೆ ಇದೆ. ಎರಡು ಬೇರೆ ಬೇರೆ ಔಷಧಿಗಳನ್ನು ಸಾಕಷ್ಟು ಪ್ರಮಾಣದಲ್ಲಿ, ತಲಾ ಆರು ವಾರ ಕೊಟ್ಟರೂ ಗುಣ ಕಾಣದಿದ್ದರೆ ಕ್ಲೊಜಪಿನ್ ಶುರು ಮಾಡಬಹುದು. ಅದಕ್ಕೆ ಮೊದಲ 18 ವಾರ ಪ್ರತಿ ವಾರ ರಕ್ತ ಪರೀಕ್ಷೆ ಬೇಕು ಎಂದು ಡಾಕ್ಟರು ತಿಳಿಸಿದ್ದಾರೆ. ಸೂಜಿಗೆ ನಾನು ಹಟ ಮಾಡಿದರೆ ಅಕ್ಕ ಪಕ್ಕದಲ್ಲಿ ಕೂತಿರಲಿ.

ತುಂಬಾ ಉದ್ರೇಕವಾದರೆ ಮೊದಲು ಮಾತಾಡಿಸಿ, ಕೋಣೆಯಲ್ಲಿ ಜನ ಕಡಿಮೆ ಮಾಡಿ. ಸಾಲದಿದ್ದರೆ ಲೊರಾಜೆಪಾಮ್ 2 ಮಿ.ಗ್ರಾಂ ಮಾತ್ರೆ, ಅದನ್ನೂ ನುಂಗದಿದ್ದರೆ ಇಂಜೆಕ್ಷನ್. ಒಲಾಂಜಪಿನ್ ಅನ್ನು ಕೆಲವು ದಿನಗಳ ಮಟ್ಟಿಗೆ ಕೊಡಬಹುದು, ಆದರೆ ಅದನ್ನೂ ಲೊರಾಜೆಪಾಮನ್ನೂ ಒಟ್ಟಿಗೆ ಇಂಜೆಕ್ಷನ್ ಆಗಿ ಕೊಡಬಾರದು ಎಂದು ಡಾಕ್ಟರು ಬರೆಸಿದ್ದಾರೆ.

ನನ್ನ ಕನ್ನಡಕ ತೆಗೆಯಬೇಡಿ. ನನಗೆ ಮೈನಸ್ 6 ಪವರ್. ಹಿಂದೆ ದಾಖಲಾದ ಕೂಡಲೇ ಕಿತ್ತುಕೊಂಡರು. ವಾರ್ಡಿನಲ್ಲಿ ಬಂದವರ ಮುಖವೆಲ್ಲ ಕಣ್ಣು ಮೂಗಿಲ್ಲದ ಬಿಳಿ ಮುದ್ದೆಯಂತೆ ಕಾಣುತ್ತಿತ್ತು. ದನಿಗಳು ಅವುಗಳಿಂದಲೇ ಬರುತ್ತಿವೆ ಎಂದು ನಾನು ನಂಬಿದೆ, ಇಂಜೆಕ್ಷನ್ ಕೊಡಲು ಬಂದ ನರ್ಸಮ್ಮನನ್ನು ತಳ್ಳಿದೆ. ಗಾಜಿನದು ಅಪಾಯ ಎನ್ನುವುದಾದರೆ ಪ್ಲಾಸ್ಟಿಕ್ ಲೆನ್ಸಿನ ಹಳೆಯ ಜೋಡಿಯೊಂದು ಅಕ್ಕನ ಹತ್ತಿರ ಇದೆ.

ನನಗೆ ಬೇಡವಾದದ್ದು

ಹ್ಯಾಲೊಪೆರಿಡಾಲ್ ಬೇಡ. 2014ರಲ್ಲಿ ಇಂಜೆಕ್ಷನ್ ಕೊಟ್ಟ ಆ ರಾತ್ರಿಯೇ ಕುತ್ತಿಗೆ ಒಂದು ಕಡೆ ತಿರುಚಿಕೊಂಡಿತು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡವು, ನಾಲಿಗೆ ದಪ್ಪವಾಗಿ ಮಾತು ಹೊರಡಲಿಲ್ಲ. ನಾಟಕ ಮಾಡುತ್ತಿದ್ದಾಳೆ ಅಂದರು. ಬೆಳಿಗ್ಗೆ ಪ್ರೊಮೆಥಜಿನ್ ಕೊಟ್ಟ ಮೇಲೆ ಬಿಟ್ಟಿತು. ಅದೇ ಕಾರಣಕ್ಕೆ ಫ್ಲೂಫೆನಜಿನ್ ಡಿಪೋ ಇಂಜೆಕ್ಷನ್ ಕೂಡ ಬೇಡ. ತುರ್ತು ಚಿಕಿತ್ಸೆಗೆ ಮುಂಗಡ ನಿರ್ದೇಶನ ಅನ್ವಯಿಸುವುದಿಲ್ಲ ಎಂಬುದು ನನಗೆ ತಿಳಿದಿದೆ. ಆದರೂ ಕ್ಯಾಶುವಲ್ಟಿಯಲ್ಲಿ ಇರುವವರು ಈ ಒಂದು ಪ್ಯಾರಾ ಓದಿ. ಔಷಧಿಯ ಅಡ್ಡ ಪರಿಣಾಮದ ದಾಖಲೆ ಎಂದಾದರೂ ಓದಿ.

ದಿನನಿತ್ಯದ ಔಷಧಿಯಾಗಿ ಒಲಾಂಜಪಿನ್ ಬೇಡ. ಅದರಲ್ಲಿದ್ದಾಗ ವಿಪರೀತ ದಪ್ಪಗಾದೆ, ಸಕ್ಕರೆ ಕಾಯಿಲೆ ಬಂತು.

ಕೈಕಾಲು ಕಟ್ಟಬೇಡಿ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದಕ್ಕೆ ಕಾನೂನಿನಲ್ಲಿ ಅವಕಾಶ ಇದೆ, ಒಂಟಿ ಕೋಣೆಯಲ್ಲಿ ಕೂಡಿಹಾಕುವುದಕ್ಕೆ ಇಲ್ಲ. ಕಟ್ಟಲೇಬೇಕಾಗಿ ಬಂದರೆ ಹೆಣ್ಣುಮಕ್ಕಳು ಜೊತೆಯಲ್ಲಿರಲಿ, ಯಾಕೆ ಕಟ್ಟುತ್ತಿದ್ದೇವೆ, ಯಾವಾಗ ಬಿಚ್ಚುತ್ತೇವೆ ಎಂದು ನನಗೆ ಹೇಳಿ. ನಾನು ಕೇಳಿಸಿಕೊಳ್ಳುವಂತೆ ಕಾಣದಿದ್ದರೂ ಹೇಳಿ. ಅಕ್ಕನಿಗೆ 24 ಗಂಟೆಯೊಳಗೆ ತಿಳಿಸಿ.

ಇಸಿಟಿ, ಅಂದರೆ ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ: ನಾನು ಅನ್ನ ನೀರು ಪೂರ್ತಿ ಬಿಟ್ಟರೆ, ಅಥವಾ ಮರಗಟ್ಟಿದಂತೆ ಅಲುಗಾಡದೆ ಇದ್ದರೆ ಮಾತ್ರ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಕೊಟ್ಟೇ ಮಾಡಬೇಕು. ಆರಕ್ಕಿಂತ ಹೆಚ್ಚು ಸಲ ಬೇಡ.

ಮಾತ್ರೆ ನಿಲ್ಲಿಸಿ ನನ್ನನ್ನು ಯಾವ ಗುಡಿಗೂ, ದರ್ಗಾಕ್ಕೂ, ದೆವ್ವ ಬಿಡಿಸುವವರ ಬಳಿಗೂ ಒಯ್ಯಬಾರದು. ಅತ್ತೆಯವರು ಹರಕೆ ಹೊರಲಿ, ಪೂಜೆ ಮಾಡಿಸಲಿ, ಪ್ರಸಾದ ತರಲಿ. ಅವರ ಪ್ರೀತಿ ನನಗೆ ಗೊತ್ತು. 2018ರಲ್ಲಿ ಹಾಗೆ ಹೋಗಿ ಮಾತ್ರೆ ಬಿಟ್ಟಿದ್ದಕ್ಕೆ ಇಡೀ ಶಾಲಾ ವರ್ಷ ನನ್ನ ಕೈತಪ್ಪಿತು.

ಇತರ ಕಾಯಿಲೆ, ಅಲರ್ಜಿ

ಸಲ್ಫಾ ಔಷಧಿ ಆಗುವುದಿಲ್ಲ, ಮೈಯೆಲ್ಲ ಗಂಧೆ ಏಳುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ 500 ಮಿ.ಗ್ರಾಂ ದಿನಕ್ಕೆ ಎರಡು ಸಲ. ಊಟ ಬಿಟ್ಟ ದಿನ ಸಕ್ಕರೆ ಪ್ರಮಾಣ ನೋಡಿ ಕೊಡಿ.

ನನ್ನ ಪರವಾಗಿ ನಿರ್ಧರಿಸುವವರು

ಮೊದಲನೆಯವರು ನನ್ನ ಅಕ್ಕ ಶಾರದಾ, ಹರಿಹರ. ಎರಡನೆಯವರು ನನ್ನ ಪತಿ ಬಸವರಾಜ.

ಈ ಕ್ರಮ ನೋಡಿ ಯಾರೂ ತಪ್ಪು ತಿಳಿಯಬಾರದು ಎಂದು ಕಾರಣ ಬರೆಯುತ್ತಿದ್ದೇನೆ. ನಮ್ಮ ಮನೆಯವರು ನನ್ನನ್ನು ಎಂದೂ ಕೈಬಿಟ್ಟವರಲ್ಲ. ಪ್ರತಿ ಸಲವೂ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವರು ಅವರೇ. ಆದರೆ ಕಾಯಿಲೆ ಬಂದಾಗ ನನ್ನ ಅನುಮಾನ ತಿರುಗುವುದೇ ಅವರ ಮೇಲೆ. ದಾಖಲಾತಿ ಕಾಗದಕ್ಕೆ ಅವರು ಸಹಿ ಹಾಕಿದರೆ ನನ್ನ ಅನುಮಾನಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ. ಗುಣವಾದ ಮೇಲೂ ಆ ಕಹಿ ತಿಂಗಳುಗಟ್ಟಲೆ ಹೋಗುವುದಿಲ್ಲ. ಸಹಿ ಅಕ್ಕನದಿರಲಿ, ಅವರು ನನ್ನ ಗಂಡನಾಗಿಯೇ ಇರಲಿ. ಇದನ್ನು ಅವರ ಎದುರಿಗೇ ಹೇಳಿದ್ದೇನೆ, ಅವರು ಒಪ್ಪಿದ್ದಾರೆ.

ಮನೆ, ಮಗಳು, ಶಾಲೆ

ಮಗಳು ಏಳನೇ ತರಗತಿ. ಅಮ್ಮ ಊರಿಗೆ ಹೋಗಿದ್ದಾಳೆ ಎಂದು ಅವಳಿಗೆ ಸುಳ್ಳು ಹೇಳಬೇಡಿ. ಅಮ್ಮನ ಕಾಯಿಲೆ ಮತ್ತೆ ಬಂದಿದೆ, ಹೋದ ಸಲದ ಹಾಗೆ ಗುಣವಾಗುತ್ತದೆ ಎಂದು ಹೇಳಿ. ನಾನಾಗಿ ಕೇಳಿದ ಮೇಲೆ ಅವಳನ್ನು ಕರೆತನ್ನಿ.

ನನ್ನ ಫೋನು ಅಕ್ಕನ ಬಳಿ ಇರಲಿ. 2023ರಲ್ಲಿ ಮಧ್ಯರಾತ್ರಿ ಶಾಲೆಯ ವಾಟ್ಸಾಪ್ ಗ್ರೂಪಿಗೆ ಏನೇನೋ ಬರೆದೆ. ಅದರ ನಾಚಿಕೆ ಇನ್ನೂ ಹೋಗಿಲ್ಲ. ಅಕ್ಕ, ಮನೆಯವರು, ಡಾಕ್ಟರು ಇವರ ಜೊತೆ ಮಾತಾಡಲು ಮಾತ್ರ ದಿನಾ ಅವಕಾಶ ಕೊಡಿ. ಶಾಲೆಗೆ ಕೊಡುವ ಸರ್ಟಿಫಿಕೇಟಿನಲ್ಲಿ ಕಾಯಿಲೆಯ ಹೆಸರು ಬೇಡ.

ಇದು ಯಾವಾಗ ಮುಗಿಯುತ್ತದೆ

ನಿರ್ಧರಿಸುವ ಶಕ್ತಿ ಮರಳಿದ ದಿನವೇ ಈ ಹಾಳೆ ಬದಿಗಿಟ್ಟು ನನ್ನನ್ನು ಕೇಳಿ. ಏಳು ದಿನಕ್ಕೊಮ್ಮೆ ಪರೀಕ್ಷಿಸಬೇಕು ಎಂದು ಕಾಯ್ದೆಯಲ್ಲಿದೆ, ಅದನ್ನು ಬರೀ ಸಹಿಯ ಕೆಲಸ ಮಾಡಬೇಡಿ. ಯಾವ ಮಾತ್ರೆ ಯಾಕೆ ಕೊಡುತ್ತಿದ್ದೀರಿ ಎಂದು ನನ್ನನ್ನೇ ಕೇಳಿ. ನಾನು ಕಾರಣ ಸಮೇತ ಹೇಳಿದರೆ, ದನಿಗಳು ಇನ್ನೂ ಅಲ್ಪಸ್ವಲ್ಪ ಕೇಳುತ್ತಿದ್ದರೂ, ನಾನು ನನ್ನ ವಿಷಯ ನಿರ್ಧರಿಸಬಲ್ಲೆ. ಈ ನಿರ್ದೇಶನವನ್ನು ಬದಲಿಸುವ, ರದ್ದು ಮಾಡುವ ಹಕ್ಕು ನನ್ನದೇ.

ದಿನಾಂಕ: 14 ಜೂನ್ 2025
ಸಹಿ: ಗಿರಿಜಾ ಬಸವರಾಜ

ಪ್ರತಿನಿಧಿಗಳ ಒಪ್ಪಿಗೆ

ನಾನು ಶಾರದಾ, ಗಿರಿಜಾಳ ಅಕ್ಕ. ಪೂರ್ತಿ ಓದಿಸಿ ಕೇಳಿದ್ದೇನೆ. ನನಗೆ ಸರಿ ಅನಿಸಿದ್ದನ್ನಲ್ಲ, ಅವಳು ಬರೆಸಿದ್ದನ್ನು ನಡೆಸುತ್ತೇನೆ. ಸಹಿ: ಶಾರದಾ

ಅಕ್ಕನವರು ಸಿಗದಿದ್ದಾಗ ನಾನು ಈ ಜವಾಬ್ದಾರಿ ಹೊರುತ್ತೇನೆ. ಸಹಿ: ಬಸವರಾಜ

ವೈದ್ಯರ ದೃಢೀಕರಣ

ಗಿರಿಜಾ ಅವರನ್ನು ನಾನು ಇಂದು ಪರೀಕ್ಷಿಸಿದ್ದೇನೆ. ಚಿಕಿತ್ಸೆಗೆ ಸಂಬಂಧಿಸಿದ ಮಾಹಿತಿಯನ್ನು ಅರ್ಥ ಮಾಡಿಕೊಳ್ಳುವ, ತಮ್ಮ ನಿರ್ಧಾರದ ಪರಿಣಾಮವನ್ನು ತೂಗಿ ನೋಡುವ, ಅದನ್ನು ಸ್ಪಷ್ಟವಾಗಿ ತಿಳಿಸುವ ಶಕ್ತಿ ಅವರಿಗಿದೆ. ಒಂದು ವಿಷಯದಲ್ಲಿ ನನ್ನ ಸಲಹೆ ಬೇರೆಯಿತ್ತು. ಇಸಿಟಿ ಎಷ್ಟು ಸಲ ಎಂಬುದನ್ನು ಚಿಕಿತ್ಸೆ ಕೊಡುವವರಿಗೆ ಬಿಡಿ ಎಂದಿದ್ದೆ. ಆರಕ್ಕೆ ನಿಲ್ಲಿಸಿದರೆ ಗುಣ ಅರ್ಧಕ್ಕೇ ನಿಲ್ಲಬಹುದು ಎಂದೂ ವಿವರಿಸಿದೆ. ನೆನಪಿನ ಶಕ್ತಿ ಕುಂದಿದರೆ ಪಾಠ ಮಾಡುವುದು ಕಷ್ಟವಾಗುತ್ತದೆ, ಆ ನಷ್ಟಕ್ಕಿಂತ ನಿಧಾನವಾದ ಚೇತರಿಕೆಯೇ ವಾಸಿ ಎಂದು ಅವರು ತಿಳಿದೇ ನಿರ್ಧರಿಸಿದ್ದಾರೆ. ಅದು ಹಾಗೇ ಇರತಕ್ಕದ್ದು. ಈ ನಿರ್ದೇಶನವನ್ನು ಪಾಲಿಸುವುದು ಸರಿಯಲ್ಲ ಎಂದು ಮುಂದೆ ಯಾವ ವೈದ್ಯರಿಗಾದರೂ ಅನಿಸಿದರೆ ಅವರು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬೇಕು, ತಾವಾಗಿ ಮೀರುವಂತಿಲ್ಲ.

ಸಹಿ: ಡಾ. ಸುಮಾ, ಮನೋವೈದ್ಯೆ. ನೋಂದಣಿ ಸಂಖ್ಯೆ ಮುದ್ರೆಯಲ್ಲಿದೆ.

ಸಾಕ್ಷಿಗಳು

ಗಿರಿಜಾ ಅವರು ನಮ್ಮ ಎದುರಿನಲ್ಲಿ, ಸ್ವಇಚ್ಛೆಯಿಂದ ಸಹಿ ಮಾಡಿದ್ದಾರೆ.
1. ರೇಣುಕಾ, ಸಹಶಿಕ್ಷಕಿ
2. ಮಂಜುನಾಥ, ನೆರೆಮನೆಯವರು

ಲಗತ್ತು: ವಯಸ್ಸಿನ ದಾಖಲೆಯಾಗಿ ಆಧಾರ್ ಪ್ರತಿ, ಪ್ರತಿನಿಧಿಗಳ ಫೋನ್ ನಂಬರು ಇರುವ ಹಾಳೆ. ಮೂಲ ಪ್ರತಿ ಮಂಡಳಿಯಲ್ಲಿ ನೋಂದಣಿಗೆ. ನಕಲುಗಳು ಆಸ್ಪತ್ರೆಯ ಕೇಸ್ ಫೈಲಿಗೆ, ಶಾರದಾ ಅವರಿಗೆ, ಬಸವರಾಜ ಅವರಿಗೆ. ಹ್ಯಾಲೊಪೆರಿಡಾಲ್ ಮತ್ತು ಸಲ್ಫಾ ವಿಷಯವನ್ನು ಕೆಂಪು ಶಾಯಿಯಲ್ಲಿ ಬರೆದ ಚೀಟಿ ಗಿರಿಜಾ ಅವರ ಪರ್ಸಿನಲ್ಲಿ ಇರುತ್ತದೆ.