ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಗೇಮ್ ಲಾಂಚರ್‌ಗೆ ಅನುಮತಿ ಕೋರಿ ಪತ್ರ

ದಿನಾಂಕ: 10-11-2025
ಮೈಸೂರು

ಗೆ,
ಮುಖ್ಯಸ್ಥರು, ಐಟಿ ವಿಭಾಗ

ಮಾನ್ಯರೇ,

ವಿಷಯ: 6 ಕಂಪ್ಯೂಟರ್‌ಗಳಲ್ಲಿ ಎಪಿಕ್ ಗೇಮ್ಸ್ ಲಾಂಚರ್ ಅಳವಡಿಸುವ ಕುರಿತು.

ನಮ್ಮ ಇ-ಸ್ಪೋರ್ಟ್ಸ್ ಕ್ಲಬ್‌ನ ಮಕ್ಕಳು ಅಭ್ಯಾಸ ಮಾಡಬೇಕೆಂದಿರುವ ಆಟ ರಾಕೆಟ್ ಲೀಗ್. ಕಾರುಗಳಿಂದ ಚೆಂಡನ್ನು ಗೋಲಿಗೆ ತಳ್ಳುವ ಈ ಆಟದಲ್ಲಿ ಬಂದೂಕಾಗಲಿ ರಕ್ತವಾಗಲಿ ಇಲ್ಲ. 2020ರಿಂದ ಇದು ಉಚಿತವೂ ಹೌದು. ಆದರೆ ಲಾಂಚರ್ ಇಲ್ಲದೆ ಇದನ್ನು ಇಳಿಸಿಕೊಳ್ಳಲಾಗದು. ಕಳೆದ ಶನಿವಾರ ಇನ್‌ಸ್ಟಾಲ್ ಮಾಡಲು ಹೋದಾಗ ಅಡ್ಮಿನ್ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಪರದೆಯ ಮೇಲೆ ಬಂದು ನಿಂತಿತು. ಸುತ್ತ ನಿಂತಿದ್ದ ಮಕ್ಕಳು ನನ್ನ ಮುಖ ನೋಡಿದರು.

ಲ್ಯಾಬ್‌ನ ಕಂಪ್ಯೂಟರ್‌ಗಳು ರೀಸ್ಟಾರ್ಟ್ ಆದೊಡನೆ ಹಳೆಯ ಸ್ಥಿತಿಗೆ ಮರಳುವುದರಿಂದ, ಹಿಂದಿನ ಸಾಲಿನ 6 ಯಂತ್ರಗಳಲ್ಲಿ ಆ ರಕ್ಷಣೆಯನ್ನು ತಾತ್ಕಾಲಿಕವಾಗಿ ತೆಗೆದು ಲಾಂಚರ್ ಹಾಗೂ ಆಟವನ್ನು ಅಳವಡಿಸಿ, ಬಳಿಕ ಮತ್ತೆ ಬಿಗಿಗೊಳಿಸಬೇಕೆಂದು ಕೋರುತ್ತೇನೆ. ಪ್ರತಿ ಯಂತ್ರದಲ್ಲಿ ಸುಮಾರು 20 ಜಿಬಿ ಜಾಗ ಬೇಕಾಗುತ್ತದೆ. ಫೈರ್‌ವಾಲ್‌ನಲ್ಲಿ `EpicGamesLauncher.exe` ಮತ್ತು ಆಟಕ್ಕೆ ಶನಿವಾರ ಮಧ್ಯಾಹ್ನ 2ರಿಂದ 4ರವರೆಗೆ ಮಾತ್ರ ದಾರಿ ಬಿಟ್ಟರೆ ಸಾಕು. ಅಪ್‌ಡೇಟ್‌ಗಳು ಪಾಠದ ವೇಳೆಯಲ್ಲಿ ಇಳಿದು ಇಂಟರ್ನೆಟ್ ನಿಧಾನವಾಗುವುದು ನನಗೂ ಬೇಡ.

ಮಕ್ಕಳ ಸ್ವಂತ ಖಾತೆಗಳನ್ನು ಬಳಸುವುದಿಲ್ಲ. ಕ್ಲಬ್‌ನ ಖಾತೆಗಳಲ್ಲಿ ಪೋಷಕ ನಿಯಂತ್ರಣದ ಪಿನ್ ಇಟ್ಟು ಖರೀದಿ ಮತ್ತು ಧ್ವನಿ ಸಂಭಾಷಣೆಯನ್ನು ನಿರ್ಬಂಧಿಸುತ್ತೇನೆ. ಪಿನ್ ನನ್ನ ಬಳಿಯೇ ಇರುತ್ತದೆ. ಹಣವಿಟ್ಟು ಆಡುವ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆಯೇ ಇ-ಸ್ಪೋರ್ಟ್ಸ್ ಅನ್ನು ಪ್ರತ್ಯೇಕವಾಗಿ ಮಾನ್ಯ ಮಾಡಿದೆ ಎಂಬುದನ್ನೂ ತಮ್ಮ ಗಮನಕ್ಕೆ ತರುತ್ತೇನೆ.

ಮೊದಲು ಒಂದೇ ಯಂತ್ರದಲ್ಲಿ ಪರೀಕ್ಷಿಸಿ ನೋಡುವುದಾದರೂ ಸರಿ, ತಾವು ಹೇಳಿದ ದಿನ ನಾನು ಲ್ಯಾಬ್‌ನಲ್ಲಿರುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಉಸ್ತುವಾರಿ ಶಿಕ್ಷಕಿ, ಇ-ಸ್ಪೋರ್ಟ್ಸ್ ಕ್ಲಬ್